ತಪ್ಪಿದಾಗ ಮಾತ್ರ ‘ಹೇಗೆ?’ ಎನ್ನುವವರಿಗೆ

ಉತ್ತರ ತಪ್ಪಿದ ಮಗುವನ್ನು ಎಬ್ಬಿಸಿ ನಿಲ್ಲಿಸಿ ‘ಇದು ಹೇಗೆ ಬಂತು?’ ಎಂದು ಕೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದು ಪ್ರಶ್ನೆಯಲ್ಲ, ಗದರಿಕೆ. ಮಗು ಕೂಡಲೇ ರಬ್ಬರು ಹುಡುಕುತ್ತದೆ. ಈಗ ಅದೇ ಪ್ರಶ್ನೆ ಕೆಲವು ಶಾಲೆಗಳಲ್ಲಿ ಅಚ್ಚಾದ ಹಾಳೆಯಾಗಿ ಬಂದಿದೆ: ಉತ್ತರ ಹೇಗೆ ಬಂತು, ಎಲ್ಲಿ ಸಂದೇಹವಿತ್ತು, ಬರೆಯಿರಿ. ಬರೆದದ್ದಕ್ಕೆ ಅಂಕ ಬೇರೆ! ಅಂಕದ ಭಯವಿರುವಲ್ಲಿ ಯಾವ ಮಗು ತಾನೇ ತನ್ನ ಸಂದೇಹವನ್ನು ಒಪ್ಪಿಕೊಂಡೀತು? ‘ಸಂದೇಹವಿಲ್ಲ’ ಎಂದು ಸಾಲುಸಾಲಾಗಿ ಬರೆದು ಪಾರಾಗುತ್ತದೆ.

ಸರಿಯುತ್ತರ ಕೊಟ್ಟವರನ್ನು ಕೇಳದೆ ಬಿಡುವುದಂತೂ ಇನ್ನೂ ದೊಡ್ಡ ಪ್ರಮಾದ. ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ನಾನು 0.35 ಮತ್ತು 0.8, ಇವುಗಳಲ್ಲಿ ಯಾವುದು ದೊಡ್ಡದೆಂದು ಕೇಳಿದೆ. ಒಬ್ಬ ಹುಡುಗ 0.35 ಎಂದ, ಇನ್ನೊಬ್ಬಳು 0.8 ಎಂದಳು. ಅಂಕಪಟ್ಟಿಯ ಲೆಕ್ಕದಲ್ಲಿ ಅವನು ದಡ್ಡ, ಇವಳು ಜಾಣೆ. ಇಬ್ಬರನ್ನೂ ಹೇಗೆಂದು ಕೇಳಿದೆ. ‘ಮೂವತ್ತೈದು ಎಂಟಕ್ಕಿಂತ ದೊಡ್ಡದಲ್ಲವೇ?’ ಎಂದ ಅವನು. ‘ಬಿಂದುವಿನ ಮುಂದೆ ಅಂಕಿ ಕಡಿಮೆಯಿದ್ದರೆ ಸಂಖ್ಯೆ ದೊಡ್ಡದು’ ಎಂದಳು ಅವಳು. ಇಬ್ಬರಿಗೂ ಎಳ್ಳಷ್ಟೂ ಸಂದೇಹವಿರಲಿಲ್ಲ.

ಕೇಳಿದ ಮೇಲೆ ಕೊಟ್ಟ ಕಾರಣ ಆ ಕ್ಷಣಕ್ಕೆ ಹೊಳೆದ ಸಬೂಬೂ ಆಗಿರಬಹುದು. ಆದ್ದರಿಂದ ಕಾರಣವನ್ನೂ ಪರೀಕ್ಷಿಸಬೇಕು. ಮುಂದಿನ ಜೋಡಿಯಾಗಿ 0.35 ಮತ್ತು 0.2 ಕೊಟ್ಟೆ. ಈ ಬಾರಿ ದಡ್ಡನ ಉತ್ತರ ಸರಿ, ಜಾಣೆಯದು ತಪ್ಪು! ಇಬ್ಬರೂ ತಮ್ಮ ತಮ್ಮ ನಿಯಮಕ್ಕೆ ನಿಷ್ಠರಾಗಿಯೇ ಇದ್ದರು. ಉತ್ತರವನ್ನಷ್ಟೇ ನೋಡುವವನಿಗೆ ಇದು ಎಂದಾದರೂ ಕಂಡೀತೇ?

ಹುಡುಗನ ನಿಯಮದ ಮೂಲ ಅಂಗಡಿಯ ಬಿಲ್ಲಿನಲ್ಲಿತ್ತು. ಅಲ್ಲಿ ಬಿಂದುವಿನ ಎಡಕ್ಕೆ ರೂಪಾಯಿ, ಬಲಕ್ಕೆ ಪೈಸೆ; ಪೈಸೆಗೆ ಸದಾ ಎರಡು ಅಂಕಿ. ಅವನು 0.8 ಅನ್ನು ಎಂಟು ಪೈಸೆ ಎಂದು ಓದಿದ್ದ. ಅದು ಎಂಬತ್ತು ಪೈಸೆ. ಇದನ್ನು ಅವನು ಹೇಳಿದ್ದು ಕನ್ನಡದಲ್ಲಿ. ಶಾಲೆಯಲ್ಲಿ ಇಂಗ್ಲಿಷಿನಲ್ಲೇ ವಿವರಿಸೆಂದಾಗ ಅವನು ಪುಸ್ತಕದ ವಾಕ್ಯವನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದನಂತೆ. ಪರವೂರಿನಲ್ಲಿ ಮಕ್ಕಳ ಇಂಗ್ಲಿಷನ್ನು ತಿದ್ದುವ ಆತುರದಲ್ಲಿ ನಾವು, ತಂದೆತಾಯಂದಿರೂ, ಇದೇ ಅಪರಾಧ ಮಾಡುತ್ತಿದ್ದೇವೆ: ಮಗು ಲೆಕ್ಕದ ದಾರಿ ಹೇಳಹೊರಟರೆ ವ್ಯಾಕರಣ ಹಿಡಿಯುತ್ತೇವೆ.

‘ಸಂದೇಹ ಉಂಟೇ?’ ಎಂದರೆ ‘ಇಲ್ಲ’ ಎಂಬುದೇ ಉತ್ತರ. ‘ಯಾವ ಅಂಕಿಯ ಹತ್ತಿರ ಪೆನ್ಸಿಲು ನಿಂತಿತು?’ ಎಂದರೆ ಮಗು ಬೆರಳಿಟ್ಟು ತೋರಿಸುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ತಿಳಿಸುವ ಮುನ್ನವೇ ಇದನ್ನು ಕೇಳಬೇಕು. ತಿಳಿಸಿದ ಮೇಲೆ ತಪ್ಪಿದವನಿಗೆ ಎಲ್ಲೆಲ್ಲೂ ಸಂದೇಹ, ಗೆದ್ದವನಿಗೆ ಎಲ್ಲಿಯೂ ಇಲ್ಲ. ಮತ್ತು ಆ ಹಾಳೆಯ ಮೇಲೆ ಕೆಂಪು ಮಸಿ ಬೀಳಕೂಡದು. ಅಂಕ ಕೊಡಲೇಬೇಕೆಂದು ಹಟ ಹಿಡಿಯುವ ಶಾಲೆಗಳು ಆ ಹಾಳೆಯನ್ನು ಅಚ್ಚು ಹಾಕಿಸುವ ಖರ್ಚನ್ನಾದರೂ ಉಳಿಸಲಿ.