ಅತ್ತಿಯವರ ಮಾರಿಗೆ ಇಸ್ತ್ರಿ ಹೊಡೀಬ್ಯಾಡ್ರಿ

ಹೋದ ತಿಂಗಳು ನಮ್ಮ ಅತ್ತಿಯವರಿಗೆ ಎಂಬತ್ತು ತುಂಬಿತು. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಂದು ಹೋಳಿಗಿ ಉಂಡು ಹೋಗೀರಿ. "ದೊಡ್ಡ ಫೋಟೋ ಮಾಡಸ್ತೀನಿ ಅಂದಿದ್ದೆಲ್ಲಾ, ಎಲ್ಲಿ ಅದ?" ಅಂತ ಕೇಳಿದವರಿಗೆಲ್ಲಾ ನಾ "ಫ್ರೇಮ್ ಇನ್ನೂ ಬಂದಿಲ್ಲ" ಅಂತ ಹೇಳಿದೆ. ಸುಳ್ಳ ಹೇಳಿದೆ. ಫ್ರೇಮ್ ಬಂದಿತ್ತು. ಕಪಾಟಿನ ಹಿಂದ ಗ್ವಾಡಿಗೆ ಮಾರಿ ಮಾಡಿ ನಿಂತಿತ್ತು.

ಆಗಿದ್ದಿಷ್ಟು. ಸ್ಟುಡಿಯೋದ ಹುಡುಗ "ಸ್ವಲ್ಪ ಸ್ಮೂತ್ ಮಾಡ್ಲೇನ್ರಿ?" ಅಂತ ಕೇಳಿದ. ನಮ್ಮ ನೆಗೆಣ್ಣಿ "ಮಾಡಪಾ, ವಯಸ್ಸಾದವರು, ಛಲೋ ಕಾಣಸ್ಲಿ" ಅಂದ್ಲು. ನಾನೂ ಸುಮ್ಮನಿದ್ದೆ, ಅದಕ್ಕ ತಪ್ಪು ಅಕಿದೊಂದ ಅಲ್ಲ. ನಾಕು ದಿನಕ್ಕ ಬಂದ ಫೋಟೋದಾಗ ಹಣಿ ಬೆಳಗಿದ ತಾಟಿನಂಗ ಇತ್ತು. ಗಲ್ಲದ ಮ್ಯಾಲ ಒಂದು ಗೆರಿ ಇಲ್ಲ. ಕಣ್ಣಿನ ಬಾಜೂಕ ಏನೂ ಇಲ್ಲ. ಅದರ ಕೆಳಗ ಕುತ್ತಿಗಿ ಮಾತ್ರ ಎಂಬತ್ತು ವರ್ಷದ್ದ ಇತ್ತು, ಕೈಯೂ ಹಂಗ. ಯಾರದೋ ತಲಿ ಯಾರದೋ ಮೈಮ್ಯಾಲ ಇಟ್ಟಂಗ. ಅತ್ತಿಯವರು ಚಷ್ಮಾ ಹಾಕ್ಕೊಂಡು ಭಾಳ ಹೊತ್ತು ನೋಡಿ, "ಇಕಿ ನಮ್ಮ ತಂಗಿ ಏನ?" ಅಂದ್ರು. ಅವರ ತಂಗಿ ನಲವತ್ತೈದಕ್ಕ ತೀರಿಕೊಂಡಾರ.

ಅವತ್ತಿನಿಂದ ನನಗ ಈ "ಸುಕ್ಕು ತಗಿಯೂದು" ಅನ್ನೂ ಮಾತು ಕೇಳಿದ್ರ ಸಿಟ್ಟ ಬರತದ. ಅದೇನು ಸೀರಿಗೆ ಹತ್ತಿದ ಕಲೆ ಏನು ತಗಿಲಿಕ್ಕೆ?

ಮೂಗಿನ ಬಾಜೂದಿಂದ ತುಟಿಯ ಮೂಲಿತನಕ ಇಳಿಯೂ ಗೆರಿ ಅದ ಅಲ್ಲಾ, ನಗಿಯ ಗೆರಿ, ಅದನ್ನ ಮೊದಲು ವಿಚಾರ ಮಾಡ್ರಿ. ಅದು ಮುದುಕರಿಗಷ್ಟ ಬರೂದಲ್ಲ. ಎರಡು ವರ್ಷದ ಕೂಸು ನಕ್ಕರೂ ಅಲ್ಲಿ ಗೆರಿ ಬೀಳತದ. ನಗುವಾಗ ತುಟಿಯ ಮೂಲಿ ಮ್ಯಾಲ ಎಳೀತದ, ಗಲ್ಲ ಉಬ್ಬಿ ಮುಂದ ಬರತದ, ಗಲ್ಲ ಮತ್ತ ತುಟಿ ಕೂಡೂ ಜಾಗಾದಾಗ ಚರ್ಮ ಮಡಚತದ. ವಯಸ್ಸಾದ ಮ್ಯಾಲ ನಗದಿದ್ದರೂ ಆ ಮಡಿಕಿ ಉಳೀತದ, ಅಷ್ಟ ಫರಕು. ಈಗ ಫೋಟೋದಾಗ ಬಾಯಿ ನಗತಿರಬೇಕು, ಆ ಗೆರಿ ಮಾತ್ರ ಇರಬಾರದು ಅಂದ್ರ ಹೆಂಗ? ಹಲ್ಲು ಕಾಣಸ್ತಾವ, ಗಲ್ಲ ಏನೂ ಆಗಿಲ್ಲ ಅನ್ನೂಹಂಗ ಸಪಾಟ ಇರತದ. ನೋಡಿದವರಿಗೆ ಏನೋ ಸರಿ ಇಲ್ಲ ಅನಸ್ತದ, ಏನಂತ ಹೇಳ್ಲಿಕ್ಕೆ ಬರೂದಿಲ್ಲ.

ಕಣ್ಣಿನ ಮೂಲ್ಯಾಗಿನ ಗೆರಿಗಳದ್ದು ಇನ್ನೂ ದೊಡ್ಡ ಮಾತು. ಡುಶೆನ್ ಅನ್ನೂ ಫ್ರೆಂಚ್ ವೈದ್ಯ 1862ರಾಗ ಮಾರಿಯ ಸ್ನಾಯುಗಳ ಮ್ಯಾಲ ಒಂದು ಪುಸ್ತಕ ಬರದ. ಸಣ್ಣಗ ವಿದ್ಯುತ್ ಮುಟ್ಟಿಸಿ ಒಂದೊಂದು ಸ್ನಾಯು ಎಳೆಸಿ, ಅದರ ಫೋಟೋ ತಗಸ್ಯಾನ. ಅಂವಾ ಕಂಡಿದ್ದು ಏನಂದ್ರ, ತುಟಿ ಮ್ಯಾಲ ಎಳಿಯೂ ಸ್ನಾಯು ನಾವು ಹೇಳಿದಂಗ ಕೇಳತದ, ಆದ್ರ ಕಣ್ಣಿನ ಸುತ್ತಲಿಂದು ಖರೇ ಖುಷಿ ಆದಾಗ ಕೂಡತದ. ಬೀಗರ ಮನ್ಯಾಗ ನಾವೆಲ್ಲಾ ನಗತೀವಲ್ಲಾ, ಬರೆ ತುಟೀಲೆ, ಅದು ಮೊದಲನೇದ್ದು. ಅಂದ ಮ್ಯಾಲ ಕಣ್ಣಿನ ಬಾಜೂದ ಆ ಮೂರ್ನಾಕು ಗೆರಿ ಒರಸಿದ್ರ, ಅತ್ತಿಯವರ ಮನಃಪೂರ್ವಕ ನಗಿ ಹೋಗಿ ಬೀಗರ ಮನಿ ನಗಿ ಉಳೀತದ. ನಮ್ಮ ಫೋಟೋದಾಗ ಆಗಿದ್ದು ಅದನ.

ಇಷ್ಟು ಹೇಳಿದ್ದಕ್ಕ ನನ್ನ ಅಕ್ಕನ ಮಗ, ಕಂಪ್ಯೂಟರ್ ಹುಡುಗ, "ಹಂಗಾದ್ರ ಮಾವಶಿ, ಏನೂ ಮುಟ್ಟೂದ ಬ್ಯಾಡ, ಇದ್ದಂಗ ಪ್ರಿಂಟ್ ಹಾಕೋಣ" ಅಂದ. ಈ ಪಂಥದವರೂ ನಿಮ್ಮಲ್ಲಿ ಇದ್ದೀರಿ, ಗೊತ್ತದ ನನಗ. ಅದನ್ನೂ ನಾ ಒಪ್ಪೂದಿಲ್ಲ. ಮೂಲ ಫೋಟೋ ತಗದಿದ್ದು ಮಧ್ಯಾಹ್ನ ಹನ್ನೆರಡಕ್ಕ, ಹಿತ್ತಲದಾಗ. ಬಿಸಿಲು ನೆತ್ತಿ ಮ್ಯಾಲಿಂದ ಬೀಳತಿತ್ತು. ಸುಕ್ಕು ಅಂದ್ರ ಫೋಟೋದಾಗ ಏನರ ಬ್ಯಾರೆ ವಸ್ತು ಅಲ್ಲ, ಬರೆ ನೆರಳು. ಮ್ಯಾಲಿಂದ ಬೆಳಕು ಬಿದ್ದಾಗ ಪ್ರತಿ ಮಡಿಕಿ ಕೆಳಗೂ ಕಪ್ಪ ನೆರಳು ಬೀಳತದ, ಮಡಿಕಿಯ ಅಂಚು ಮಿಂಚತದ. ಪಡಸಾಲ್ಯಾಗ ಕಿಡಕಿ ಕಡೆ ಮಾರಿ ಮಾಡಿ ಕೂತಾಗ ಅದ ಮಾರಿ ನಮಗ ಎಷ್ಟು ಮೆತ್ತಗ ಕಾಣಸ್ತದ. ಮ್ಯಾಲ ಅವರು ಮಾತಾಡತಿರತಾರ, ತಲಿ ಅಲ್ಲಾಡಸತಿರತಾರ, ನಾವು ಕಣ್ಣು ನೋಡತೀವಿ, ಗೆರಿ ಎಣಸೂದಿಲ್ಲ. ಕ್ಯಾಮೆರಾ ಒಂದು ಕ್ಷಣ ಹಿಡದು ನಿಲ್ಲಿಸಿ, ಎಲ್ಲಾ ಗೆರಿ ಒಮ್ಮೆಲೆ ಮುಂದ ಇಡತದ. ಹಂಗಿದ್ದ ಫೋಟೋನೂ ಅತ್ತಿಯವರಲ್ಲ. ಮಧ್ಯಾಹ್ನದ ಬಿಸಿಲು ಹೆಚ್ಚು ಹಾಕಿದ್ದನ್ನ ನಾವು ಕಡಿಮಿ ಮಾಡಬೇಕು. ದೇವರು ಕೊಟ್ಟಿದ್ದನ್ನ ಅಲ್ಲ.

ಹಳೇ ಸ್ಟುಡಿಯೋದವರಿಗೆ ಇದು ಗೊತ್ತಿತ್ತು. ಆವಾಗ ತಿದ್ದೂದು ನೆಗೆಟಿವ್ ಮ್ಯಾಲ, ಚೂಪ ಪೆನ್ಸಿಲ್‌ಲೆ. ನೆಗೆಟಿವ್‌ನ್ಯಾಗ ಎಲ್ಲಾ ಉಲ್ಟಾ, ಮಾರಿಮ್ಯಾಲಿನ ಕಪ್ಪ ಗೆರಿ ಅಲ್ಲಿ ತಿಳಿ ಗೆರಿಯಾಗಿ ಕಾಣಸ್ತದ. ಅದರ ಮ್ಯಾಲ ಸಣ್ಣ ಸಣ್ಣ ಪೆನ್ಸಿಲ್ ಚುಕ್ಕಿ ತುಂಬಿದ್ರ ಅಲ್ಲಿ ಬೆಳಕು ಕಡಿಮಿ ದಾಟತದ, ಪ್ರಿಂಟ್‌ನ್ಯಾಗ ಗೆರಿ ತೆಳ್ಳಗಾಗತದ. ಪೆನ್ಸಿಲ್ ಸೀಸ ಎಷ್ಟು ಹಿಡೀತದೋ ಅಷ್ಟ. ಮತ್ತ ಒಂದೊಂದು ಗೆರಿಗೂ ಅಂವಾ ಕಣ್ಣಿಟ್ಟು ಕೂಡಬೇಕಿತ್ತು. ಈಗಿನ ಹುಡುಗ ಒಂದು ಪಟ್ಟಿ ಎಡಗಡೆಯಿಂದ ಬಲಗಡೆಗೆ ಎಳೀತಾನ, ಮುಗೀತು, ಇಡೀ ಮಾರಿಗೆ ಇಸ್ತ್ರಿ.

ಕಡೀಕೆ ಅಕ್ಕನ ಮಗನ್ನ ಕೂಡಿಸಿಕೊಂಡು ನಾವ ಮಾಡಿದ್ವಿ. GIMP ಅಂತ ಒಂದು ಪುಕಟ್ ತಂತ್ರಾಂಶ ಅದ. ಮೂಲ ಫೈಲ್ ಬ್ಯಾರೆ ತಗದಿಟ್ಟು, ಫೋಟೋದ ಮ್ಯಾಲ ಅದರದ ಒಂದು ನಕಲು ಹೊದಿಸಿದ (ಅದಕ್ಕ Duplicate Layer ಅಂತಾರ). ಆ ನಕಲಿನ ಮ್ಯಾಲ ಹಣಿಯ ಗೆರಿಗಳನ್ನ Heal ಅನ್ನೂ ಕುಂಚದಲೆ ಪೂರ್ತಿ ಒರಸಿದ. ಹೌದು, ಪೂರ್ತಿ. ಗಾಬರಿ ಆಗಬ್ಯಾಡ್ರಿ, ನಾನೂ ಆಗಿದ್ದೆ. ಆಮ್ಯಾಲ ಆ ನಕಲಿನ Opacity ನೂರರಿಂದ ಇಳಿಸಿಕೋತ ಬಂದ. ನೂರು ಇದ್ದಾಗ ಸ್ಟುಡಿಯೋದ ಫೋಟೋನ. ಎಪ್ಪತ್ತಕ್ಕ ಯಾರೋ ಸಂಬಂಧಿಕರು ಅನಿಸಿತು. ನಲವತ್ತಕ್ಕ ಬಂದಾಗ ಅತ್ತಿಯವರು ಬಂದ್ರು. ನಲವತ್ತು ಅಂದ್ರ ಒರಸಿದ ನಕಲು ನಲವತ್ತು ಪಾಲು, ಕೆಳಗಿನ ಖರೇ ಗೆರಿ ಅರವತ್ತು ಪಾಲು ಕಾಣಸ್ತದ. ಗೆರಿ ಇದ್ದಲ್ಲೆ ಅದ, ಅದರ ಉದ್ದ ಅಗಲ ಅಷ್ಟ ಅದ, ನೆರಳಿನ ಕಪ್ಪು ಮಾತ್ರ ಇಳೀತದ. ಇಷ್ಟ ಗುಟ್ಟು.

ಆದ್ರ ಎಲ್ಲಾ ಜಾಗಾಕ್ಕೂ ಒಂದ ಅಳತಿ ಅಲ್ಲ. ಹಣಿದು ಕೂಡಿಸಿ, ಮತ್ತೊಂದು ನಕಲು ಹೊದಿಸಿ ನಗಿಯ ಗೆರಿ ಮಾಡಿದ್ವಿ, ಅದಕ್ಕ ಮೂವತ್ತು. ಕಣ್ಣಿನ ಮೂಲಿಗೆ ಇಪ್ಪತ್ತು, ಅದಕ್ಕೂ ನಾ ಬ್ಯಾಡನ ಅಂದಿದ್ದೆ. ಕಣ್ಣಿನ ಕೆಳಗಿನ ಚೀಲದ ನೆರಳಿಗೆ ಐವತ್ತು, ಯಾಕಂದ್ರ ಅದು ನಗಿ ಅಲ್ಲ, ನಿದ್ದಿ ಕಡಿಮಿ ಮತ್ತ ಬಿಸಿಲು. ಕುತ್ತಿಗಿಗೂ ಹಣಿಯಷ್ಟ ನಲವತ್ತು. ಕುತ್ತಿಗಿ ಮರತ್ರ ಮತ್ತ ಯಾರದೋ ತಲಿ ಆಗತದ.

ಪೂರ್ತಿ ತಗದಿದ್ದೂ ಅವ. ಗದ್ದದ ಮ್ಯಾಲ ಗುಂಗಾಡಿ ಕಡದ ಗುಳ್ಳಿ, ಮೂಗಿನ ಮ್ಯಾಲ ಚಷ್ಮಾ ಒತ್ತಿದ ಕೆಂಪ, ಹಣಿ ಮ್ಯಾಲಿನ ಬೆವರಿನ ಹೊಳಪು. ಇನ್ನ ಹತ್ತು ದಿನಕ್ಕ ತಾನ ಹೋಗೂದನ್ನ ತಗದ್ರ ಸುಳ್ಳಾಗೂದಿಲ್ಲ. ಹುಬ್ಬಿನ ಮ್ಯಾಲಿನ ಗಾಯದ ಗುರುತು ಮಾತ್ರ ಮುಟ್ಟಗೊಡಲಿಲ್ಲ. ಅದು ಸಣ್ಣವರಿದ್ದಾಗ ಹುಣಸಿ ಗಿಡದಿಂದ ಬಿದ್ದದ್ದು, ಅದರ ಕತಿ ನಮ್ಮ ಮನಿ ಎಲ್ಲಾ ಮಕ್ಕಳಿಗೂ ಗೊತ್ತದ.

ಎರಡು ಸಲ ಕೆಟ್ಟಿತು, ಅದನ್ನೂ ಹೇಳಬೇಕು. ಒಮ್ಮೆ ಕುಂಕುಮದ ಅಂಚಿಗೆ ಭಾಳ ಹತ್ರ ಕುಂಚ ಆಡಿಸಿದ್ದಕ್ಕ ಕೆಂಪ ಬಣ್ಣ ಹಣಿ ತುಂಬ ಕಲಸಿಕೊಂಡು ಹರಡಿತು. ಆ ಕುಂಚ ಬಾಜೂದ ಬಣ್ಣ ಎಳಕೋತದ, ಅದಕ್ಕ ಕುಂಕುಮ, ಮೂಗುಬಟ್ಟು, ಕೂದಲಿನ ಅಂಚಿಗಿಂತ ಸ್ವಲ್ಪ ಹಿಂದ ನಿಲ್ಲಬೇಕು. ಇನ್ನೊಮ್ಮೆ ಅಂವಾ ಪರದೆ ಮ್ಯಾಲ ಗಲ್ಲವನ್ನ ಇಷ್ಟು ದೊಡ್ಡದು ಮಾಡಿಕೊಂಡು ಕೂತ ಅಂದ್ರ, ರೋಮದ ರಂಧ್ರ ಸುದ್ದಾ ತಿದ್ದಲಿಕ್ಕೆ ಹತ್ತಿದ. ಗ್ವಾಡಿ ಮ್ಯಾಲಿನ ಫೋಟೋ ಯಾರೂ ಮೂಗು ಹಚ್ಚಿ ನೋಡೂದಿಲ್ಲ. ಎದ್ದು ಬಾಗಲತನಕ ಹೋಗಿ ಅಲ್ಲಿಂದ ನೋಡು ಅಂದೆ. ಅಲ್ಲಿಂದ ಅರ್ಧ ಕೆಲಸ ಬೇಕಾಗಿರಲೇ ಇಲ್ಲ ಅಂತ ಅವಗ ತಿಳೀತು, Undo ಒತ್ತಿದ. ದೊಡ್ಡದು ಹಾಕಸೂಕಿಂತ ಮೊದಲು ಮಾರಿ ಅಷ್ಟನ, ದೊಡ್ಡದರಾಗ ಇರೂ ಅಳತೀಲೆ, ಸಣ್ಣ ಹಾಳಿ ಮ್ಯಾಲ ಒಂದು ಪ್ರಿಂಟ್ ತಗಸಿದ್ವಿ. ಬಾಯಿ ಮ್ಯಾಲ ಕೈ ಮುಚ್ಚಿ ಬರೆ ಕಣ್ಣು ನೋಡಿದೆ. ನಗತಿದ್ವು. ಆಗ ದೊಡ್ಡದಕ್ಕ ಕೊಟ್ಟೆ.

ನಲವತ್ತು ಮೂವತ್ತು ಅಂತ ನಾವು ವಾದ ಮಾಡುವಾಗ ಅತ್ತಿಯವರು ಬಾಜೂಕ ಕೂತು ಅವರೀಕಾಯಿ ಸುಲೀತಿದ್ರು. ಒಮ್ಮೆಲೆ, "ಮುಂದ ಮಾಲಿ ಹಾಕೂದೂ ಇದಕ್ಕನ ಅಲ್ಲಾ, ನನ್ನಂಗ ಇರ್ಲಿ ನೋಡವಾ" ಅಂದ್ರು. ಹುಡುಗ ಮೌಸ್ ಬಿಟ್ಟ. ನೆಗೆಣ್ಣಿ ಕಣ್ಣ ಒರಸಿಕೊಂಡ್ಲು. ಅವರು ಮತ್ತ ಕಾಯಿ ಸುಲೀಲಿಕ್ಕೆ ಹತ್ತಿದ್ರು. ನಮಗೆಲ್ಲಾ ಅದು ಗೊತ್ತಿತ್ತು, ಬಾಯಿ ಬಿಟ್ಟು ಹೇಳಿದವರು ಅವರೊಬ್ಬರ.

ಅದಕ್ಕ ನಿಮ್ಮ ಅವ್ವಂದೋ ಆಯಿದೋ ಫೋಟೋ ದೊಡ್ಡದು ಮಾಡಸೂದಿದ್ರ ನನಗ ಕಳಸ್ರಿ, ಹುಡುಗ ರಜಾದಾಗ ಬಂದಾಗ ಕೂಡ್ತೀವಿ. ತಗಿಯೂ ಮೊದಲು ಮೊಬೈಲ್‌ನ್ಯಾಗ ಬ್ಯೂಟಿ ಮೋಡ್ ಬಂದ್ ಮಾಡ್ರಿ. ಅದು ತಗಿಯುವಾಗನ ಸುಕ್ಕು ಒರಸಿ ಬಿಡತದ, ಆಮ್ಯಾಲ ತಿರುಗಿ ತರಲಿಕ್ಕೆ ಯಾರ ಕಡೆಯಿಂದಲೂ ಆಗೂದಿಲ್ಲ. ಹಿತ್ತಲದಾಗ ಬ್ಯಾಡ, ಪಡಸಾಲ್ಯಾಗ ಕಿಡಕಿ ಮುಂದ ಕೂಡಿಸ್ರಿ. ಮತ್ತ ವಾಟ್ಸಾಪ್‌ನ್ಯಾಗ ಫೋಟೋ ಅಂತ ಕಳಿಸಿದ್ರ ಅದು ಕುಗ್ಗಿಸಿ ಕಳಸತದ, ಡಾಕ್ಯುಮೆಂಟ್ ಅಂತ ಕಳಸ್ರಿ. ಸ್ಟುಡಿಯೋದ ಆ ಇನ್ನೊಂದು ಇನ್ನೂ ಕಪಾಟಿನ ಹಿಂದನ ಅದ. ಫ್ರೇಮ್ ಛಲೋ ಅದ, ಯಾರಿಗರ ಬೇಕಾದ್ರ ಒಯ್ಯಿರಿ.