ಏಪ್ರಿಲ್‌ನ ವರ್ಷ, ಜನವರಿಯ ಸಾಫ್ಟ್‌ವೇರ್

ಜುಲೈ ಬಂತೆಂದರೆ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಇನ್ಫೋಸಿಸ್‌ನಂಥ ಕಂಪನಿಗಳ ಮೊದಲ ತ್ರೈಮಾಸಿಕದ ಫಲಿತಾಂಶ ಬರುತ್ತೆ. ಪ್ಲೇಸ್‌ಮೆಂಟ್‌ಗೆ ತಯಾರಾಗ್ತಿರೋ ನಾವೆಲ್ಲ ಅದನ್ನ ಗಮನವಿಟ್ಟು ಓದ್ತೀವಿ. ಅಲ್ಲಿ ಮೊದಲ ತ್ರೈಮಾಸಿಕ ಅಂದರೆ ಏಪ್ರಿಲ್‌ನಿಂದ ಜೂನ್. ಅದೇ ದಿನ ಲ್ಯಾಬ್‌ನಲ್ಲಿ ಎಕ್ಸೆಲ್ ತೆರೆದು, ದಿನಾಂಕದ ಕಾಲಂ ಒಂದನ್ನು ಪಿವಟ್ ಟೇಬಲ್‌ಗೆ ಹಾಕಿ ಕ್ವಾರ್ಟರ್ ಪ್ರಕಾರ ಗುಂಪು ಮಾಡಿ ನೋಡಿ. ಅಲ್ಲಿ `Qtr1` ಅಂದರೆ ಜನವರಿಯಿಂದ ಮಾರ್ಚ್. ಹೆಸರು ಒಂದೇ, ತಿಂಗಳು ಬೇರೆ.

ನಮ್ಮ ದೇಶದ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆದರೂ ನಾವು ಬರೆಯೋ ಡ್ಯಾಶ್‌ಬೋರ್ಡ್‌ಗಳು, ತಿಂಗಳಿಗೊಮ್ಮೆ ತಾನಾಗೇ ಮೇಲ್ ಕಳಿಸೋ ಸ್ಕ್ರಿಪ್ಟ್‌ಗಳು ಜನವರಿಯ ಲೆಕ್ಕದಲ್ಲೇ ಓಡ್ತವೆ. ಇದನ್ನ ಸರಿಮಾಡೋಕೆ ಹೊರಟವರು ಬಹಳ ಸಲ ಅರ್ಧ ಮಾತ್ರ ಸರಿಮಾಡ್ತಾರೆ. ಏನೂ ಮಾಡದೆ ಬಿಡೋದಕ್ಕಿಂತ ಈ ಅರ್ಧ ರಿಪೇರಿಯೇ ಹೆಚ್ಚು ಅಪಾಯ ಅನ್ನೋದು ನಮ್ಮ ವಾದ.

ತಪ್ಪು ಯಾಕೆ ಕಾಣಿಸೋದಿಲ್ಲ

ಏಪ್ರಿಲ್ ಅನ್ನೋದು ಕ್ಯಾಲೆಂಡರ್‌ನ ಎರಡನೇ ತ್ರೈಮಾಸಿಕದ ಮೊದಲ ತಿಂಗಳು. ಹಾಗಾಗಿ ಏಪ್ರಿಲ್–ಜೂನ್, ಜುಲೈ–ಸೆಪ್ಟೆಂಬರ್, ಅಕ್ಟೋಬರ್–ಡಿಸೆಂಬರ್, ಜನವರಿ–ಮಾರ್ಚ್ ಅನ್ನೋ ನಾಲ್ಕು ತುಂಡುಗಳು ಎರಡೂ ಪದ್ಧತಿಯಲ್ಲಿ ಒಂದೇ. ಒಂದೊಂದು ತುಂಡಿನ ಮೊತ್ತವೂ ಸರಿಯಾಗೇ ಬರುತ್ತೆ. ವ್ಯತ್ಯಾಸ ಇರೋದು ಎರಡೇ ಕಡೆ: ಆ ತುಂಡಿನ ನಂಬರ್ ಎಷ್ಟು, ಅದು ಯಾವ ವರ್ಷಕ್ಕೆ ಸೇರುತ್ತೆ. ನಮ್ಮ ವರ್ಷ ಮೇ ತಿಂಗಳಲ್ಲಿ ಶುರುವಾಗಿದ್ದರೆ ಮೊತ್ತಗಳೇ ಹೊಂದ್ತಿರಲಿಲ್ಲ, ಮೊದಲ ದಿನವೇ ಗೊತ್ತಾಗ್ತಿತ್ತು. ಏಪ್ರಿಲ್ ಆದ್ದರಿಂದ ಅಂಕಿಗಳು ನಂಬೋ ಹಾಗೇ ಇರ್ತವೆ.

ಒಂದು ಉದಾಹರಣೆ ತಗೊಳ್ಳೋಣ. ಒಂದು ಕಾಲೇಜು ಸಂಘಕ್ಕೆ ಸದಸ್ಯತ್ವ, ವರ್ಕ್‌ಶಾಪ್, ಸ್ಪಾನ್ಸರ್‌ಗಳಿಂದ ಬಂದ ಹಣ ಹೀಗಿದೆ ಅಂದ್ಕೊಳ್ಳಿ. ವಾರ್ಷಿಕ ಫೆಸ್ಟ್ ನಡೆಯೋದು ಫೆಬ್ರವರಿಯಲ್ಲಿ, ಹಾಗಾಗಿ ದೊಡ್ಡ ಮೊತ್ತವೆಲ್ಲ ಜನವರಿ–ಮಾರ್ಚ್‌ನಲ್ಲೇ ಬರುತ್ತೆ.

- ಜನವರಿ–ಮಾರ್ಚ್ 2024: ₹1,30,000
- ಏಪ್ರಿಲ್–ಜೂನ್ 2024: ₹20,000
- ಜುಲೈ–ಸೆಪ್ಟೆಂಬರ್ 2024: ₹60,000
- ಅಕ್ಟೋಬರ್–ಡಿಸೆಂಬರ್ 2024: ₹40,000
- ಜನವರಿ–ಮಾರ್ಚ್ 2025: ₹1,80,000

2024-25ರ ಹಣಕಾಸು ವರ್ಷಕ್ಕೆ ಸೇರೋದು ಕೊನೆಯ ನಾಲ್ಕು ಸಾಲು. ಮೊತ್ತ 3 ಲಕ್ಷ. ಕ್ಯಾಲೆಂಡರ್ 2024ಕ್ಕೆ ಸೇರೋದು ಮೊದಲ ನಾಲ್ಕು ಸಾಲು. ಮೊತ್ತ 2.5 ಲಕ್ಷ. ನಡುವಿನ 50 ಸಾವಿರ ಎಲ್ಲಿಂದ ಬಂತು? ಎರಡರಲ್ಲೂ ಏಪ್ರಿಲ್–ಡಿಸೆಂಬರ್ ಇದ್ದೇ ಇದೆ, ಬೇರೆ ಆಗಿರೋದು ಜನವರಿ–ಮಾರ್ಚ್ ಮಾತ್ರ. ಆದ್ದರಿಂದ ವ್ಯತ್ಯಾಸ ಯಾವಾಗಲೂ ಆ ಎರಡು ಜನವರಿ–ಮಾರ್ಚ್‌ಗಳ ವ್ಯತ್ಯಾಸಕ್ಕೆ ಸರಿಸಮ. ನಿಮ್ಮ ರಿಪೋರ್ಟ್‌ಗೂ ಖಜಾಂಚಿಯ ಪುಸ್ತಕಕ್ಕೂ ತಾಳೆ ಆಗದಿದ್ದಾಗ ಮೊದಲು ಈ ಒಂದು ಕಳೆಯೋ ಲೆಕ್ಕ ಮಾಡಿ. ಸರಿಯಾಗಿ ಅಷ್ಟೇ ಬಂದರೆ ರಸೀದಿ ಹುಡುಕೋ ಕೆಲಸವೇ ಇಲ್ಲ, ವರ್ಷದ ಗೆರೆ ತಪ್ಪಾಗಿದೆ ಅಷ್ಟೇ. ಎರಡೂ ವರ್ಷದ ಫೆಸ್ಟ್‌ಗೆ ಒಂದೇ ಮೊತ್ತ ಬಂದಿದ್ದರೆ ಈ ವ್ಯತ್ಯಾಸವೂ ಸೊನ್ನೆ ಆಗಿ, ತಪ್ಪು ಇನ್ನೊಂದು ವರ್ಷ ಅಡಗಿಕೊಂಡೇ ಇರುತ್ತೆ.

ಅರ್ಧ ರಿಪೇರಿ

ಈಗ ಯಾರೋ ಒಬ್ಬರು ಇದನ್ನ ಸರಿಮಾಡ್ತಾರೆ. ಏಪ್ರಿಲ್ `Q1` ಆಗಬೇಕು, ಜನವರಿ `Q4` ಆಗಬೇಕು ಅಂತ ನಂಬರ್ ಬದಲಾಯಿಸ್ತಾರೆ. ವರ್ಷದ ಕಾಲಂ ಮಾತ್ರ ದಿನಾಂಕದಿಂದ ನೇರವಾಗಿ ತೆಗೆದಿದ್ದು ಹಾಗೇ ಉಳಿಯುತ್ತೆ. ಆಗ 2024ರ ಗ್ರಾಫ್‌ನಲ್ಲಿ `Q1` 20 ಸಾವಿರ, `Q2` 60 ಸಾವಿರ, `Q3` 40 ಸಾವಿರ, `Q4` 1.3 ಲಕ್ಷ ಅಂತ ಬರುತ್ತೆ. ನೋಡೋಕೆ ಎಷ್ಟು ಚೆನ್ನಾಗಿದೆ! ವರ್ಷದ ಕೊನೆಯಲ್ಲಿ ಫೆಸ್ಟ್, ಅದಕ್ಕೆ ತಕ್ಕಂತೆ ಎತ್ತರದ ಕಂಬ. ಆದರೆ ಆ `Q4` ಜನವರಿ–ಮಾರ್ಚ್ 2024, ಅಂದರೆ ಪಕ್ಕದ `Q1`ಗಿಂತ ಮೊದಲೇ ಮುಗಿದುಹೋದದ್ದು. ಕಂಬದಲ್ಲಿರೋದು ಹಿಂದಿನ ಸಮಿತಿಯ ಫೆಸ್ಟ್.

ಮೇಲ್‌ನಲ್ಲಿ ಬರೋ ಸಾರಾಂಶ ಇದೇ ಗ್ರಾಫ್‌ನಿಂದ "ಮೂರನೇ ತ್ರೈಮಾಸಿಕಕ್ಕಿಂತ ನಾಲ್ಕನೆಯದರಲ್ಲಿ ಶೇ. 225 ಏರಿಕೆ" ಅನ್ನುತ್ತೆ. ನಿಜವಾದ ಏರಿಕೆ 40 ಸಾವಿರದಿಂದ 1.8 ಲಕ್ಷಕ್ಕೆ, ಶೇ. 350. ಮುಂದಿನ ಫೆಸ್ಟ್‌ನ ಬಜೆಟ್ ಹಾಕೋರು 1.3 ಲಕ್ಷ ನೋಡಿ ಹಾಕ್ತಾರೆ. ರಿಪೇರಿಗೆ ಮುಂಚೆ `Qtr1` ಅಂತ ಇದ್ದಾಗ ಯಾರಾದರೂ "ಇದು ಕ್ಯಾಲೆಂಡರ್ ವರ್ಷದ್ದಲ್ವಾ?" ಅಂತ ಕೇಳೋ ಸಾಧ್ಯತೆಯಾದರೂ ಇತ್ತು. ಈಗ ಹೆಸರುಗಳು ಹಣಕಾಸು ವರ್ಷದ್ದೇ ಅಂತ ಕಾಣೋದರಿಂದ ಕೇಳೋರೂ ಇಲ್ಲ. ಅರ್ಧ ರಿಪೇರಿ ಅಪಾಯ ಅಂದಿದ್ದು ಇದಕ್ಕೇ.

ಪಾಂಡಾಸ್ ಬಳಸೋರಿಗೂ ಇದೇ ಗುಂಡಿ ಇನ್ನೊಂದು ರೂಪದಲ್ಲಿದೆ. ಅದರಲ್ಲಿ ಮಾರ್ಚ್‌ಗೆ ಮುಗಿಯೋ ವರ್ಷಕ್ಕೆ `Q-MAR` ಅನ್ನೋ ಸೌಲಭ್ಯವೇ ಇದೆ:

```python
p = df["date"].dt.to_period("Q-MAR")
df["fy"] = p.dt.qyear
df["q"] = p.dt.quarter
```

ಇಲ್ಲಿ ಏಪ್ರಿಲ್ 2025 `2026Q1` ಆಗುತ್ತೆ, ಯಾಕಂದ್ರೆ ಪಾಂಡಾಸ್ ವರ್ಷವನ್ನು ಅದು ಮುಗಿಯೋ ಇಸವಿಯಿಂದ ಕರೆಯುತ್ತೆ. `qyear` ಬರೆಯೋ ಜಾಗದಲ್ಲಿ ರೂಢಿಯಂತೆ `year` ಅಂತ ಬರೆದರೆ ಎರರ್ ಏನೂ ಬರಲ್ಲ. ಅದೇ ಏಪ್ರಿಲ್‌ಗೆ 2025 ಅಂತ, ಮುಂದಿನ ಜನವರಿಗೆ 2026 ಅಂತ ಕೊಡುತ್ತೆ. ಮೇಲೆ ಹೇಳಿದ ಅರ್ಧ ರಿಪೇರಿ ಒಂದಕ್ಷರ ಬಿಟ್ಟಿದ್ದಕ್ಕೇ ಸಿದ್ಧ.

ಮೂರು ತಿಂಗಳು ಹಿಂದಕ್ಕೆ ತಳ್ಳೋ ಉಪಾಯ

ಬಹಳ ಜನ ಮಾಡೋದು ಇನ್ನೊಂದು. ದಿನಾಂಕವನ್ನು ಮೂರು ತಿಂಗಳು ಹಿಂದಕ್ಕೆ ತಳ್ಳಿ, ಆಮೇಲೆ ಮಾಮೂಲಿ ಕ್ಯಾಲೆಂಡರ್ ಲೆಕ್ಕ ಮಾಡೋದು. ಏಪ್ರಿಲ್ ಜನವರಿ ಆಗುತ್ತೆ, ವರ್ಷವೂ ತಾನಾಗೇ ಸರಿಯಾಗುತ್ತೆ. ಉಪಾಯ ಒಳ್ಳೆಯದೇ. ಎಕ್ಸೆಲ್‌ನಲ್ಲಿ `=YEAR(EDATE(A2,-3))` ಅಂದರೆ ವರ್ಷ ಶುರುವಾಗೋ ಇಸವಿ ಸರಿಯಾಗಿ ಸಿಗುತ್ತೆ. ಡಿಸೆಂಬರ್ 31ರಿಂದ ಮೂರು ತಿಂಗಳು ಹಿಂದೆ ಹೋದರೆ ಸೆಪ್ಟೆಂಬರ್ 31 ಅನ್ನೋ ದಿನ ಇಲ್ಲವಲ್ಲ, `EDATE` ಅದನ್ನ ಸೆಪ್ಟೆಂಬರ್ 30ಕ್ಕೆ ನಿಲ್ಲಿಸುತ್ತೆ.

ಜಾವಾಸ್ಕ್ರಿಪ್ಟ್‌ನ `setMonth` ಹಾಗೆ ನಿಲ್ಲಿಸೋದಿಲ್ಲ. ಇಲ್ಲದ ಸೆಪ್ಟೆಂಬರ್ 31 ಅಲ್ಲಿ ಅಕ್ಟೋಬರ್ 1 ಆಗಿ ಮುಂದಕ್ಕೆ ಉರುಳುತ್ತೆ. ಪರಿಣಾಮ, ಡಿಸೆಂಬರ್ 31ರ ಜಮೆಗಳು ಮೂರನೇ ತ್ರೈಮಾಸಿಕ ಬಿಟ್ಟು ನಾಲ್ಕಕ್ಕೆ ಹೋಗಿ ಕೂರ್ತವೆ. ವರ್ಷದಲ್ಲಿ ಈ ರೀತಿ ತ್ರೈಮಾಸಿಕ ತಪ್ಪೋದು ಆ ಒಂದೇ ದಿನ. ಇಂಥದ್ದನ್ನ ಟೆಸ್ಟಿಂಗ್‌ನಲ್ಲಿ ಅಚಾನಕ್ಕಾಗಿ ಹಿಡಿಯೋದು ಕಷ್ಟ. ಹಾಗಾಗಿ ದಿನಾಂಕವನ್ನೇ ಅಲ್ಲಾಡಿಸದೆ ತಿಂಗಳ ನಂಬರ್ ಮೇಲೆ ಲೆಕ್ಕ ಮಾಡೋದು ನಮಗೆ ಹೆಚ್ಚು ನೆಮ್ಮದಿ:

```python
def fy_quarter(d):
    start = d.year if d.month >= 4 else d.year - 1
    q = (d.month + 8) % 12 // 3 + 1
    return start, q
```

ತಿಂಗಳಿಂದ 4 ಕಳೆಯೋ ಬದಲು 8 ಕೂಡಿಸಿದ್ದಕ್ಕೂ ಕಾರಣ ಇದೆ. ಹನ್ನೆರಡರ ಶೇಷಕ್ಕೆ ಎರಡೂ ಒಂದೇ, ಆದರೆ ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಋಣ ಸಂಖ್ಯೆಯ ಶೇಷವೂ ಋಣವೇ ಬರುತ್ತೆ. ಜನವರಿಗೆ ಅದು ಕೈಕೊಡುತ್ತೆ. ಕೂಡಿಸಿದರೆ ಆ ತಲೆನೋವಿಲ್ಲ.

ಈ ಫಂಕ್ಷನ್ ಇಡೀ ಪ್ರಾಜೆಕ್ಟ್‌ನಲ್ಲಿ ಒಂದೇ ಕಡೆ ಇರಬೇಕು, ಮತ್ತು ವರ್ಷ, ತ್ರೈಮಾಸಿಕ ಎರಡನ್ನೂ ಒಟ್ಟಿಗೇ ಕೊಡಬೇಕು. ಬೇರೆ ಬೇರೆ ಕಡೆ ಬರೆದಾಗಲೇ ಒಂದು ಬದಲಾಗಿ ಇನ್ನೊಂದು ಉಳಿಯೋದು. ಪರೀಕ್ಷೆಗೆ ನಾಲ್ಕು ದಿನಾಂಕ ಸಾಕು: ಡಿಸೆಂಬರ್ 31, ಜನವರಿ 1, ಮಾರ್ಚ್ 31, ಏಪ್ರಿಲ್ 1. ಮೊದಲ ಜೋಡಿಯಲ್ಲಿ ತ್ರೈಮಾಸಿಕ ಬದಲಾಗಬೇಕು, ಹಣಕಾಸು ವರ್ಷ ಬದಲಾಗಬಾರದು. ಎರಡನೇ ಜೋಡಿಯಲ್ಲಿ ಎರಡೂ ಬದಲಾಗಬೇಕು.

"ಈ ವರ್ಷ ಇಲ್ಲಿಯವರೆಗೆ"

ತ್ರೈಮಾಸಿಕ ಸರಿಮಾಡಿದ ಮೇಲೂ ಉಳಿದುಬಿಡೋದು ಈ ಸಾಲು. ಮೇಲಿನ ಸಂಘದ ಲೆಕ್ಕವನ್ನೇ 2025ರ ಜನವರಿ 5ಕ್ಕೆ ನೋಡಿ. ಏಪ್ರಿಲ್‌ನಿಂದ ಬಂದಿರೋದು 1.2 ಲಕ್ಷ, ಜೊತೆಗೆ ಹೊಸ ತಿಂಗಳ ಐದು ದಿನದ್ದು. ಕ್ಯಾಲೆಂಡರ್ ಲೆಕ್ಕದ ಸಾರಾಂಶ ಆ ಐದು ದಿನದ್ದನ್ನು ಮಾತ್ರ ತೋರಿಸಿ, "ಈ ವರ್ಷದ ಆದಾಯ" ಅಂತ ಹೆಸರಿಡುತ್ತೆ. ಏಪ್ರಿಲ್ 5ಕ್ಕೆ ಉಲ್ಟಾ: ಹೊಸ ವರ್ಷ ಐದೇ ದಿನ ಹಳೆಯದು, ಆದರೆ ಸಾರಾಂಶ ಮುಗಿದ ವರ್ಷದ ಫೆಸ್ಟ್ ಹಣವನ್ನೂ ಸೇರಿಸಿ ದೊಡ್ಡ ಮೊತ್ತ ತೋರಿಸುತ್ತೆ. ಅದನ್ನ ನಂಬಿ ಹೊಸ ಸಮಿತಿ ಖರ್ಚಿಗೆ ಇಳಿದರೆ ಕೈಯಲ್ಲಿರೋದು ಬೇರೆಯೇ. ಹೀಗಾಗಿ ಯಾವುದೇ ಸಾರಾಂಶವನ್ನು ಪರೀಕ್ಷಿಸೋಕೆ ಜನವರಿ ಮತ್ತು ಏಪ್ರಿಲ್‌ನ ಮೊದಲ ವಾರವೇ ಸರಿಯಾದ ಕಾಲ. ಅಕ್ಟೋಬರ್‌ನಲ್ಲಿ ನೋಡಿದರೆ ತಪ್ಪು ಅಷ್ಟು ಎದ್ದು ಕಾಣೋದಿಲ್ಲ.

ಹೆಸರಿನ ವಿಷಯ

ಕೋಡ್ ಸರಿಯಾದ ಮೇಲೂ ಓದೋರ ಗೊಂದಲ ಹೋಗೋದಿಲ್ಲ. ನಮ್ಮಲ್ಲಿ ಎಷ್ಟೋ ಜನ ನಾಳೆ ಬೆಂಗಳೂರಲ್ಲಿ ಕೂತು ಹೊರದೇಶದ ಕ್ಲೈಂಟ್‌ಗೆ ರಿಪೋರ್ಟ್ ಮಾಡೋರು. ಮೈಕ್ರೋಸಾಫ್ಟ್‌ನ ಹಣಕಾಸು ವರ್ಷ ಜುಲೈಗೆ ಶುರು, ಇನ್ಫೋಸಿಸ್‌ದು ಏಪ್ರಿಲ್‌ಗೆ. ಬರೀ `Q1` ಅಂತ ಬರೆದರೆ ಒಬ್ಬೊಬ್ಬರು ಒಂದೊಂದು ತಿಂಗಳು ಓದಿಕೊಳ್ತಾರೆ. ಬರೀ "2025ನೇ ಹಣಕಾಸು ವರ್ಷ" ಅಂದರೂ ಅಷ್ಟೇ: ಕೆಲವರಿಗೆ ಅದು 2025ಕ್ಕೆ ಮುಗಿಯೋದು, ಕೆಲವರಿಗೆ 2025ಕ್ಕೆ ಶುರುವಾಗೋದು.

ಅದಕ್ಕೆ ನಮ್ಮ ಅಭಿಪ್ರಾಯ ಇಷ್ಟು. ಲೆಕ್ಕಕ್ಕೆ ಒಳಗೆ ನಂಬರ್ ಇರಲಿ, ಆದರೆ ಜನ ಓದೋ ಜಾಗದಲ್ಲಿ ತಿಂಗಳ ಹೆಸರೇ ಇರಬೇಕು: "ಏಪ್ರಿಲ್–ಜೂನ್ 2025 (2025-26)". ಗ್ರಾಫ್‌ನಲ್ಲಿ ಜಾಗ ಸಾಲಲ್ಲ, ಉದ್ದ ಆಗುತ್ತೆ ಅನ್ನೋ ದೂರು ನಿಜ. ಹಾಗಾದರೆ ಅಕ್ಷದಲ್ಲಿ ಚಿಕ್ಕ ಹೆಸರಿಟ್ಟು, ಶೀರ್ಷಿಕೆಯ ಕೆಳಗೆ ಒಂದೇ ಸಾಲಲ್ಲಿ ತಿಂಗಳುಗಳನ್ನು ಬರೆಯಿರಿ. ತಾನಾಗೇ ಹೋಗೋ ಮೇಲ್‌ನಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಗ್ರಾಫ್ ಪಕ್ಕದಲ್ಲಿ ವಿವರಿಸೋಕೆ ಒಬ್ಬ ಮನುಷ್ಯ ಇರಬಹುದು, ಮೇಲ್ ಜೊತೆ ಯಾರೂ ಹೋಗೋದಿಲ್ಲ.

ಈ ಸೆಮಿಸ್ಟರ್‌ನ ಪ್ರಾಜೆಕ್ಟ್‌ನಲ್ಲಿ ಖರ್ಚು, ಮಾರಾಟ, ದೇಣಿಗೆ ಏನೇ ಲೆಕ್ಕ ಇದ್ದರೂ ಡೆಮೋಗೆ ಮುಂಚೆ ಮಾರ್ಚ್ 31 ಮತ್ತು ಏಪ್ರಿಲ್ 1ರ ಒಂದೊಂದು ಎಂಟ್ರಿ ಹಾಕಿ ನೋಡಿ. ಎರಡೂ ಒಂದೇ ವರ್ಷದಲ್ಲಿ ಬಂದು ಕೂತರೆ, ಗೈಡ್ ಕೇಳೋಕೆ ಮುಂಚೆ ನಿಮಗೇ ಗೊತ್ತಾಗಿರುತ್ತೆ.