ಒಲೆಯ ಮುಂದೆ ಬುರ್ಖಾ ಹಾಕಿದ ಅಜ್ಜಿ

ಮಕ್ಕಳಿಗಾಗಿ ಎರಡು ನಿಮಿಷದ ಆನಿಮೇಷನ್ ಕತೆ ಮಾಡುತ್ತಿದ್ದ ಗೆಳೆಯನೊಬ್ಬ ನನಗೆ ಅಜ್ಜಿ ಪಾತ್ರದ ಚಿತ್ರ ಕಳಿಸಿದ. ಕತೆ ನಡೆಯುವುದು ಕಾಸರಗೋಡು ಕಡೆಯ ಒಂದು ಬ್ಯಾರಿ ಮನೆಯಲ್ಲಿ, ಪೆರ್ನಾಳಿನ ಹಿಂದಿನ ರಾತ್ರಿ, ಸುಮಾರು ನಲುವತ್ತು ವರ್ಷದ ಹಿಂದೆ. ಅಜ್ಜಿ ಒಲೆಯ ಮುಂದೆ ಕೂತಿದ್ದಾರೆ, ಮೈಮೇಲೆ ಕಪ್ಪು ಬುರ್ಖಾ. ಕಿಟಕಿಯಾಚೆ ಈರುಳ್ಳಿಯಾಕಾರದ ಗುಮ್ಮಟದ ಮಸೀದಿ, ಅದರ ನೆತ್ತಿಯ ಮೇಲೆ ಚಂದ್ರ. "ಸರಿ ಉಂಟಾ ನೋಡು ಮಾರಾಯ" ಅಂದ.

ಅವನಿಗೆ ಅವಮಾನ ಮಾಡುವ ಉದ್ದೇಶ ಇರಲಿಲ್ಲ. ಆದರೂ ನನಗೆ ಆ ಅಜ್ಜಿ ಯಾರ ಮನೆಯವರೂ ಅನ್ನಿಸಲಿಲ್ಲ. ಬುರ್ಖಾ ಹೊರಗೆ ಹೋಗುವಾಗ ಹಾಕುವ ಬಟ್ಟೆ. ತನ್ನದೇ ಅಡುಗೆಮನೆಯಲ್ಲಿ, ಒಲೆಯ ಬಿಸಿಯಲ್ಲಿ, ಮೊಮ್ಮಕ್ಕಳ ಮುಂದೆ ಯಾವ ಅಜ್ಜಿ ಅದನ್ನು ಹಾಕುತ್ತಾರೆ? ನಮ್ಮ ಹಳೆಯ ಹೆಂಗಸರದ್ದು ತುಣಿ, ಕುಪ್ಪಾಯ, ತಲೆಗೆ ಯಲಸರ. ಹೊರಗೆ ಹೊರಟರೆ ಮೇಲೊಂದು ವಲ್ಲಿ. ಮಸೀದಿಯೂ ಹಾಗೆಯೇ. ಈ ಕರಾವಳಿಯ ಹಳೆಯ ಮಸೀದಿಗಳು ಇಳಿಜಾರು ಮಾಡಿನವು. ಕೋಝಿಕ್ಕೋಡಿನ ಮಿಶ್ಕಾಲ್ ಪಳ್ಳಿಯಲ್ಲಿ ಗುಮ್ಮಟವೂ ಇಲ್ಲ, ಮಿನಾರವೂ ಇಲ್ಲ. ಇನ್ನು ಪೆರ್ನಾಳಿನ ಚಂದ್ರ ಸಂಜೆ ಪಡುವಣದಲ್ಲಿ ತೆಳ್ಳಗೆ ಕಂಡು ಬೇಗನೆ ಮುಳುಗುತ್ತದೆ, ರಾತ್ರಿ ನೆತ್ತಿಯ ಮೇಲೆ ನಿಲ್ಲುವುದಿಲ್ಲ.

ಯಾಕೆ ಹೀಗಾಯಿತು ಅಂತ ಕೇಳಿದಾಗ ಅವನು ಕೊಟ್ಟ ಉತ್ತರ ನನ್ನಂಥ ಮೆಕ್ಯಾನಿಕಲ್ ಡಿಪ್ಲೊಮಾದವನಿಗೆ ತಕ್ಷಣ ಅರ್ಥವಾಯಿತು. ಇಂಥ ಆನಿಮೇಷನ್‌ನಲ್ಲಿ ಪಾತ್ರವನ್ನು ತುಂಡು ತುಂಡಾಗಿ ಬರೆದು ಕೀಲುಗಳಲ್ಲಿ ಜೋಡಿಸುತ್ತಾರೆ. ಬುರ್ಖಾ ಅಂದರೆ ಒಂದೇ ಕಪ್ಪು ಆಕಾರ. ಕುತ್ತಿಗೆ, ಭುಜ, ಸೊಂಟದ ಕೀಲು ಯಾವುದೂ ಕಾಣುವುದಿಲ್ಲ. ಕುಪ್ಪಾಯಕ್ಕಾದರೆ ತೋಳು ಮಡಚುವಲ್ಲಿ ಬಟ್ಟೆಯೂ ಮಡಚಬೇಕು, ಕೂತಾಗ ತುಣಿಯ ಅಂಚು ಸರಿಯಬೇಕು, ಬಗ್ಗಿದಾಗ ಯಲಸರ ಜಾರಬೇಕು. ಅಚ್ಚಿನ ಪಾತ್ರಗಳು ಹುಟ್ಟುವುದು ಬರೀ ದ್ವೇಷದಿಂದ ಅಲ್ಲ, ಕೆಲಸ ಉಳಿಸುವ ಆಸೆಯಿಂದಲೂ.

ಇನ್ನೊಂದು ಕಾರಣ ನೆರಳಿನ ಪರೀಕ್ಷೆ. ಪಾತ್ರವನ್ನು ಪೂರ್ತಿ ಕಪ್ಪು ಮಾಡಿದರೂ ಯಾರೆಂದು ಗೊತ್ತಾಗಬೇಕು ಅನ್ನುವುದು ಆನಿಮೇಷನ್‌ನವರ ನಿಯಮ. ನಿಯಮ ಒಳ್ಳೆಯದೇ. ಆದರೆ ಗುರುತನ್ನೆಲ್ಲ ಟೊಪ್ಪಿ, ಗಡ್ಡ, ಬುರ್ಖಾದ ಮೇಲೆ ಹೊರಿಸಿದರೆ ನೆರಳಿನಲ್ಲಿ ಉಳಿಯುವುದು ಸಮುದಾಯ ಮಾತ್ರ, ಮನುಷ್ಯ ಉಳಿಯುವುದಿಲ್ಲ. ಗುರುತನ್ನು ಭಂಗಿಗೆ ಕೊಡಬಹುದು. ನನ್ನ ಅಜ್ಜಿ ಎರಡೂ ಕೈಗೆ ಹಿಟ್ಟು ಮೆತ್ತಿದ್ದಾಗ ಜಾರಿದ ಯಲಸರವನ್ನು ಮೊಣಕೈಯಿಂದ ಮೇಲೆ ತಳ್ಳುತ್ತಿದ್ದರು. ಅದನ್ನು ಹೇಳಿದೆ. ಅವನು ಅದನ್ನೇ ಬರೆದ. ಈಗ ಅವರ ನೆರಳು ನೋಡಿದರೂ ಸಾಕು, ಒಬ್ಬ ಅಜ್ಜಿ ಕಾಣುತ್ತಾರೆ.

ದೊಡ್ಡ ಕಂಪನಿಗಳೂ ಇದನ್ನು ಎಡವಿಯೇ ಕಲಿತದ್ದು. 2013ರಲ್ಲಿ ಡಿಸ್ನಿ ಮೆಕ್ಸಿಕೋದವರ ಸತ್ತವರ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಹೋಗಿ ವಿರೋಧ ಬಂದು ಕೈಬಿಟ್ಟಿತು. ಆಗ ವ್ಯಂಗ್ಯಚಿತ್ರ ಬರೆದು ಗೇಲಿ ಮಾಡಿದ ಲಾಲೋ ಅಲ್ಕರಾಸ್ ಅವರನ್ನೇ ಆಮೇಲೆ 'ಕೋಕೋ' ಚಿತ್ರಕ್ಕೆ ಸಲಹೆಗಾರರಾಗಿ ಕರೆದರು. 2017ರಲ್ಲಿ ಬಂದ ಆ ಚಿತ್ರದ ಅಜ್ಜಿ ಸಿಟ್ಟು ಬಂದರೆ ಚಪ್ಪಲಿ ಎತ್ತುತ್ತಾರೆ. ಮೊದಲು ಅವರ ಕೈಯಲ್ಲಿ ಇದ್ದದ್ದು ಸೌಟು, ಚಪ್ಪಲಿ ಆದದ್ದು ಸಲಹೆಗಾರರ ಮಾತಿನಿಂದ. ಹಬ್ಬದ ಅಲಂಕಾರಕ್ಕಿಂತ ಆ ಚಪ್ಪಲಿಯಲ್ಲೇ ಮನೆ ಕಾಣುತ್ತದೆ.

ನಮ್ಮವರಿಗೂ ಒಂದು ಮಾತು. ತುಣಿ ಕುಪ್ಪಾಯ ಸಿಕ್ಕಿತೆಂದು ಎಲ್ಲರಿಗೂ ಅದನ್ನೇ ತೊಡಿಸಿದರೆ ಅದೂ ಇನ್ನೊಂದು ಅಚ್ಚು. ಇವತ್ತಿನ ಕತೆಯಾದರೆ ಮನೆಯಲ್ಲಿ ನೈಟಿ, ಕಾಲೇಜಿಗೆ ಚೂಡಿದಾರ್, ಬಸ್‌ಸ್ಟ್ಯಾಂಡಿನಲ್ಲಿ ಬುರ್ಖಾ, ಎಲ್ಲವೂ ನಿಜ. ಆದ್ದರಿಂದ ಬಟ್ಟೆ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಬೇಕು: ಯಾವ ವರ್ಷ, ಎಷ್ಟು ಪ್ರಾಯ, ಮನೆಯೊಳಗೋ ಹೊರಗೋ? ಜೊತೆಗೆ, ಪೆರ್ನಾಳಿನ ದಿನ ಮಾತ್ರ ಕಾಣಿಸಿಕೊಳ್ಳುವ ಅಜ್ಜಿಗೆ ಒಂದು ಮಾಮೂಲಿ ಮಂಗಳವಾರವನ್ನೂ ಕೊಡಿ. ನಮ್ಮಪ್ಪನ ಅಂಗಡಿಗೆ ಬಂದು ಬೆಲ್ಲದ ಬೆಲೆಗೆ ಜಗಳ ಆಡಲಿ, ಕನ್ನಡದಲ್ಲೇ, ಶುದ್ಧವಾಗಿ. ಮುಸ್ಲಿಂ ಪಾತ್ರ ಅಂದಾಕ್ಷಣ ಕನ್ನಡವನ್ನು ಮುರಿಯಬೇಕಾಗಿಲ್ಲ.

ಕೇಳುವುದಕ್ಕೂ ಹೊತ್ತು ಉಂಟು. ಪೆನ್ಸಿಲಿನ ಹಂತದಲ್ಲಿ ಕೇಳಿದರೆ ರಬ್ಬರಿನಲ್ಲಿ ಸರಿಯಾಗುತ್ತದೆ. ಕೀಲು ಜೋಡಿಸಿ ಓಡಾಡಿಸಿದ ಮೇಲೆ ಬಟ್ಟೆ ಬದಲಿಸುವುದೆಂದರೆ ಎರಕ ಹೊಯ್ದ ಮೇಲೆ ಡ್ರಾಯಿಂಗ್ ತಿದ್ದಿದ ಹಾಗೆ. ಕೇಳುವಾಗ "ಚೆನ್ನಾಗಿದೆಯಾ" ಅನ್ನಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಇವರು ಯಾರ ಮನೆಯವರ ಹಾಗೆ ಕಾಣುತ್ತಾರೆ?" ಅಂತ ಕೇಳಿ. ತಿದ್ದಿದ ಚಿತ್ರವನ್ನು ನಾನು ಉಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಒಲೆಯ ಹತ್ತಿರ ಊದುಕೊಳವೆ ಎಲ್ಲಿ?" ಅಂದರು. ಬಟ್ಟೆಯ ಮಾತೇ ಎತ್ತಲಿಲ್ಲ. ಅಜ್ಜಿ ಮನೆಯವರಾದರು ಅಂತ ನನಗೆ ಗೊತ್ತಾದದ್ದು ಆಗ.